ಬಾಣಂತಿ ಸನ್ನಿ: ಹೆರಿಗೆ ವಾರ್ಡಿಗೆ ಹನ್ನೆರಡು ಸ್ಲೈಡು ಸಾಕು

ಪ್ರಶ್ನೆ: ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹಿರಿಯ ಶುಶ್ರೂಷಕಿ. ಹೆರಿಗೆ ವಾರ್ಡಿನ ಸಿಸ್ಟರ್‌ಗಳಿಗೆ, ಎಎನ್‌ಎಂಗಳಿಗೆ ಪೋಸ್ಟ್‌ಪಾರ್ಟಂ ಸೈಕೋಸಿಸ್ ಬಗ್ಗೆ ನಲವತ್ತು ನಿಮಿಷದ ಕ್ಲಾಸ್ ಮಾಡಿ ಅಂತ ಹೇಳಿದ್ದಾರೆ. ಇಂಟರ್‌ನೆಟ್‌ನಲ್ಲಿ ಸಿಕ್ಕಿದ 62 ಸ್ಲೈಡು ಇಟ್ಟುಕೊಂಡಿದ್ದೇನೆ. ಓದುತ್ತಾ ಹೋದರೆ ನನಗೇ ನಿದ್ದೆ ಬರುತ್ತೆ. ಹೋದ ತಿಂಗಳು ನಮ್ಮಲ್ಲಿ ಒಬ್ಬ ಬಾಣಂತಿ ರಾತ್ರಿ ಎರಡು ಗಂಟೆಗೆ ಎದ್ದು ಗೇಟಿನವರೆಗೆ ಹೋಗಿಬಿಟ್ಟಿದ್ದರು. ಏನು ಮಾಡಬೇಕು ಅಂತ ಯಾರಿಗೂ ತೋಚಲಿಲ್ಲ. ಸ್ಲೈಡಿನಲ್ಲಿ ಏನು ಇಡಬೇಕು ಡಾಕ್ಟ್ರೇ, ಏನು ಬಿಡಬೇಕು?

ಉತ್ತರ: ಆ 62ರಲ್ಲಿ 50 ಅಳಿಸಿಬಿಡಿ ಸಿಸ್ಟರ್. ಕಾಯಿಲೆಯ ವರ್ಗೀಕರಣ, ಹಾರ್ಮೋನಿನ ಗ್ರಾಫು, ಮಿದುಳಿನ ಬಣ್ಣದ ಚಿತ್ರ ಎಲ್ಲ ಹೋಗಲಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಸಿಸ್ಟರ್ ಮನೋರೋಗಕ್ಕೆ ಹೆಸರು ಹಚ್ಚಬೇಕಾಗಿಲ್ಲ. ಈ ಬಾಣಂತಿ ನಿನ್ನೆ ಇದ್ದ ಹಾಗಿಲ್ಲ ಎಂದು ಗುರುತಿಸಬೇಕು. ಜ್ವರ, ಬಿಪಿ, ಸಕ್ಕರೆ ನೋಡಬೇಕು. ಅವಳನ್ನೂ ಮಗುವನ್ನೂ ಒಂಟಿ ಬಿಡದೆ ಆಗಲೇ ಡಾಕ್ಟರನ್ನು ಕರೆಯಬೇಕು. ಕ್ಲಾಸ್ ಇಷ್ಟಕ್ಕೇ ಇರಲಿ.

ಮೊದಲ ಸ್ಲೈಡಿನಲ್ಲಿ ಒಂದೇ ಪದ ಬರೆಯಿರಿ: ಬಾಣಂತಿ ಸನ್ನಿ. ಬರೆದು ಸುಮ್ನೆ ನಿಂತುಕೊಳ್ಳಿ. "ಯಾರ ಮನೆಯಲ್ಲಿ, ಯಾರ ಊರಲ್ಲಿ ಕೇಳಿದ್ದೀರಿ?" ಅಂತ ಕೇಳಿ. ನಾನು ಕ್ಲಾಸ್ ಮಾಡಿದ ಕಡೆಯಲ್ಲೆಲ್ಲ ಮೂರು ನಾಲ್ಕು ಕೈ ಮೇಲೆದ್ದಿವೆ. ಒಬ್ಬರ ಅತ್ತೆಗೆ ಆಗಿತ್ತು, ಇನ್ನೊಬ್ಬರ ಪಕ್ಕದ ಮನೆಯವರು ಮಗು ಬಿಟ್ಟು ಬಾವಿಯ ಕಡೆ ಹೋಗಿದ್ದರು. ಇಂಗ್ಲಿಷ್ ಹೆಸರು ಹೇಳಿದಾಗ ತೂಕಡಿಸುವವರು ಈ ಹೆಸರಿಗೆ ಎದ್ದು ಕೂರುತ್ತಾರೆ.

ಈ ಪದದಲ್ಲೇ ನಿಮ್ಮ ಅರ್ಧ ಪಾಠ ಇದೆ. ಸನ್ನಿ ಎಂದರೆ ನಮ್ಮ ಹಿರಿಯರಿಗೆ ಜ್ವರ ತಲೆಗೇರಿ ಬಡಬಡಿಸುವುದು. ಟೈಫಾಯ್ಡ್ ಬಂದವನಿಗೂ ಸನ್ನಿ ಹಿಡಿಯುತ್ತಿತ್ತು. ಹೆರಿಗೆಯಾದ ಮೇಲೆ ನಂಜಾಗಿ ಜ್ವರ ಬಂದು ಬಡಬಡಿಸಿದವಳನ್ನೂ, ಜ್ವರವೇ ಇಲ್ಲದೆ ಮನಸ್ಸು ಕೆಟ್ಟವಳನ್ನೂ ಒಂದೇ ಹೆಸರಲ್ಲಿ ಕರೆದರು. ಒಂದು ದೇಹದ ಕಾಯಿಲೆ, ಇನ್ನೊಂದು ಮನಸ್ಸಿನದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇವತ್ತಿಗೂ ವಾರ್ಡಿನಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ. ಇದಕ್ಕೆ ಮತ್ತೆ ಬರುತ್ತೇನೆ.

ಎರಡನೇ ಸ್ಲೈಡಿಗೆ ಒಂದು ಲೆಕ್ಕ. ಸಾವಿರ ಹೆರಿಗೆಗೆ ಒಬ್ಬರು ಅಥವಾ ಇಬ್ಬರಿಗೆ ಇದು ಬರುತ್ತದೆ. ನಿಮ್ಮಲ್ಲಿ ತಿಂಗಳಿಗೆ 200 ಹೆರಿಗೆ ಆಗುತ್ತವೆ ಅಂದುಕೊಳ್ಳಿ. ವರ್ಷಕ್ಕೆ 2400. ಅಂದರೆ ನಿಮ್ಮ ವಾರ್ಡು ದಾಟಿ ಹೋದವರಲ್ಲಿ ವರ್ಷಕ್ಕೆ ಎರಡರಿಂದ ಐದು ಜನ. "ನಮ್ಮಲ್ಲಿ ಅಂಥ ಕೇಸ್ ಬರಲ್ಲ" ಎನ್ನುವವರಿಗೆ ಈ ಗುಣಾಕಾರವನ್ನು ಬೋರ್ಡಿನ ಮೇಲೆ ಅವರ ಕೈಯಲ್ಲೇ ಮಾಡಿಸಿ. "ಹಾಗಾದರೆ ಆ ಐದು ಜನ ಎಲ್ಲಿ ಹೋದರು?" ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಕೆಲವರು ತವರುಮನೆಯಲ್ಲಿ ಕೋಣೆಯೊಳಗೆ ಇದ್ದರು. ಕೆಲವರು ದೇವಸ್ಥಾನದಲ್ಲಿ, ಕೆಲವರು ಮಂತ್ರ ಹಾಕುವವರ ಮುಂದೆ.

ಮೂರನೇ ಸ್ಲೈಡಿನಿಂದ ಲಕ್ಷಣಗಳ ಪಟ್ಟಿ ಶುರು ಮಾಡಬೇಡಿ. ಒಬ್ಬ ಬಾಣಂತಿಯ ಕಥೆ ಶುರು ಮಾಡಿ. ಕೊನೆಯವರೆಗೂ ಅವಳೇ ಇರಲಿ. ನಾನು ಕ್ಲಾಸಿನಲ್ಲಿ ಹೇಳುವ ಕಥೆಯನ್ನೇ ಕೊಡುತ್ತೇನೆ. ನೋಡಿದ ಎರಡು ಮೂರು ಜನರನ್ನು ಸೇರಿಸಿ ಕಟ್ಟಿದ್ದು ಇದು, ಯಾರೊಬ್ಬರದ್ದೂ ಅಲ್ಲ.

23 ವರ್ಷ. ಚೊಚ್ಚಲ ಹೆರಿಗೆ, ಸಿಸೇರಿಯನ್. ಎರಡನೇ ರಾತ್ರಿ ಕಣ್ಣು ಮುಚ್ಚಲಿಲ್ಲ. ಮಗು ಮಲಗಿತ್ತು, ಅಮ್ಮ ಮಲಗಿದ್ದರು, ಇವಳು ಮಾತ್ರ ಹಾಸಿಗೆಯ ಮೇಲೆ ಕೂತು ಮಗುವಿನ ಬಟ್ಟೆ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಬೆಳಿಗ್ಗೆ ಆಯಾಸವೇ ಇಲ್ಲ. "ನಮ್ಮ ಹುಡುಗಿ ಎಷ್ಟು ಚುರುಕು ನೋಡಿ, ಆಪರೇಷನ್ ಆದವಳ ಥರ ಇಲ್ಲ" ಅಂತ ಅಮ್ಮನಿಗೆ ಹೆಮ್ಮೆ. ಮೂರನೇ ದಿನ ಬೆಳಗಿನ ಐದಕ್ಕೇ ಬಂಧುಗಳಿಗೆಲ್ಲ ಫೋನು. ಒಂದು ಮಾತಿನಿಂದ ಇನ್ನೊಂದಕ್ಕೆ ಹಾರುತ್ತಾಳೆ. ನಗುತ್ತಾ ನಗುತ್ತಾ ಅಳುತ್ತಾಳೆ. ರಾತ್ರಿ ಸಿಸ್ಟರ್ ಕೇಸ್ ಶೀಟಿನಲ್ಲಿ "ನಿದ್ದೆ ಇಲ್ಲ" ಎಂದು ಎರಡೇ ಪದ ಬರೆದು ಮುಂದಿನ ಬೆಡ್ಡಿಗೆ ಹೋದರು.

ಇಲ್ಲಿ ನಿಲ್ಲಿಸಿ, ಆ ಎರಡು ಪದವನ್ನು ದೊಡ್ಡದಾಗಿ ತೋರಿಸಿ. ಬಾಣಂತಿಗೆ ನಿದ್ದೆ ಇಲ್ಲದಿರುವುದು ದೊಡ್ಡ ವಿಷಯವಲ್ಲ, ಮಗು ಮಲಗಲು ಬಿಟ್ಟರೆ ತಾನೇ? ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: "ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತಾ?" ಸುಸ್ತಾದ ತಾಯಿ ತಲೆ ಇಟ್ಟ ಕೂಡಲೇ ನಿದ್ದೆ ಹೋಗುತ್ತಾಳೆ. ಇವಳಿಗೆ ಅವಕಾಶ ಸಿಕ್ಕರೂ ನಿದ್ದೆ ಬರುವುದಿಲ್ಲ, ಬೇಕು ಅಂತಲೂ ಅನಿಸುವುದಿಲ್ಲ. ಬಾಣಂತಿ ಸನ್ನಿಯ ಮೊದಲ ಗುರುತು ಬಹಳ ಸಲ ಇದೇ. ಕಾಯಿಲೆ ಹೆಚ್ಚಿನವರಲ್ಲಿ ಹೆರಿಗೆಯಾದ ಎರಡು ವಾರದೊಳಗೆ ಕಾಣಿಸುತ್ತದೆ. ಎಷ್ಟೋ ಜನರಲ್ಲಿ ಮೊದಲ ಮೂರು ದಿನದಲ್ಲೇ ಸುಳಿವು ಇರುತ್ತದೆ. ಹೆರಿಗೆಯ ನಂತರ ಹಾರ್ಮೋನು ಸರ್ರನೆ ಇಳಿಯುತ್ತದೆ, ಜೊತೆಗೆ ನಿದ್ದೆಗೇಡು. ಬೈಪೋಲಾರ್ ಕಾಯಿಲೆಯ ಒಲವು ಒಳಗಿರುವವರಿಗೆ ಇವೆರಡೂ ಸೇರಿದರೆ ಬೆಂಕಿಗೆ ಎಣ್ಣೆ ಸುರಿದಂತೆ. ಕಾರಣದ ಬಗ್ಗೆ ಇಷ್ಟು ಹೇಳಿದರೆ ಸಾಕು.

ಕಥೆ ಮುಂದುವರಿಯಲಿ. ನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆ ರೌಂಡ್ಸ್. ಮೇಡಂ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. "ನಾಳೆ ಡಿಸ್ಚಾರ್ಜ್" ಎಂದು ಬರೆದಾಯಿತು. ಮಧ್ಯಾಹ್ನ ಮಗುವಿನ ಕೈಗೆ ಕಟ್ಟಿದ ಪಟ್ಟಿಯನ್ನೇ ತುಂಬ ಹೊತ್ತು ನೋಡಿ, "ನಂಬರ್ ಬದಲಾಗಿದೆ ಅಮ್ಮ. ಇದು ನಮ್ಮ ಮಗು ಅಲ್ಲ" ಅಂದಳು. ಕಾಫಿ ಕೊಟ್ಟರೆ ಮೂಸಿ ನೋಡಿ ಪಕ್ಕಕ್ಕಿಟ್ಟಳು. ಸಂಜೆ ಗಂಡ ಬಂದಾಗ ಮತ್ತೆ ಮಾಮೂಲಾಗಿದ್ದಳು. ರಾತ್ರಿ ಒಂದು ಗಂಟೆಗೆ ಮಗುವನ್ನು ಸುತ್ತಿ ಎತ್ತಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. "ಮೇಲಿಂದ ಕರೀತಿದ್ದಾರೆ, ಕೇಳಿಸಲ್ವಾ?" ಎಂದು ಸಿಸ್ಟರನ್ನೇ ಕೇಳಿದಳು.

ಬೆಳಗಿನ ರೌಂಡ್ಸ್ ಭಾಗವನ್ನು ಎರಡು ಸಲ ಓದಿಸಿ. ಈ ಕಾಯಿಲೆ ಏರುತ್ತದೆ, ಇಳಿಯುತ್ತದೆ. ಹತ್ತು ನಿಮಿಷ ಸರಿಯಾಗಿ ಮಾತಾಡಿದಳು ಎಂದರೆ ಸರಿ ಹೋದಳು ಎಂದಲ್ಲ. ಪೂರ್ತಿ ದಿನ ನೋಡಿದವರು ಮೂವರು: ಪಕ್ಕದಲ್ಲಿ ಮಲಗುವ ಅಮ್ಮ, ರಾತ್ರಿ ಪಾಳಿಯ ಸಿಸ್ಟರ್, ಎದುರು ಬೆಡ್ಡಿನ ಬಾಣಂತಿ. ನನಗೆ ಕೇಸ್ ಶೀಟಿಗಿಂತ ಎದುರು ಬೆಡ್ಡಿನವರ ಮಾತಿನ ಮೇಲೆ ನಂಬಿಕೆ ಜಾಸ್ತಿ. "ಅವಳು ಮೊದಲಿನ ಹಾಗಿಲ್ಲ" ಎಂದು ಮನೆಯವರು ಹೇಳಿದರೆ ಅದೇ ಒಂದು ಲಕ್ಷಣ ಎಂದು ದಪ್ಪ ಅಕ್ಷರದಲ್ಲಿ ಹಾಕಿ.

ಬ್ರಿಟನ್ನಿನಲ್ಲಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದವರು ಮೂರು ಕೆಂಪು ಬಾವುಟ ಗುರುತಿಸಿದ್ದಾರೆ. ಅವು ನಮ್ಮ ವಾರ್ಡಿಗೂ ಹೊಂದುತ್ತವೆ. ಮನಸ್ಸಿನ ಸ್ಥಿತಿ ಇತ್ತೀಚೆಗೆ ಗಮನಾರ್ಹವಾಗಿ ಬದಲಾಗಿರುವುದು ಅಥವಾ ಹೊಸ ಲಕ್ಷಣ ಬಂದಿರುವುದು ಒಂದು. ತನಗೆ ತಾನೇ ಘೋರವಾಗಿ ಹಾನಿ ಮಾಡಿಕೊಳ್ಳುವ ಯೋಚನೆ ಅಥವಾ ಪ್ರಯತ್ನ ಹೊಸದಾಗಿ ಶುರುವಾಗಿರುವುದು ಇನ್ನೊಂದು. "ನಾನು ತಾಯಿಯಾಗಲು ಲಾಯಕ್ಕಿಲ್ಲ", "ಈ ಮಗು ನನ್ನದಲ್ಲ ಅನಿಸುತ್ತೆ" ಎಂದು ಪದೇಪದೇ ಹೇಳುವುದು ಮೂರನೆಯದು. ಮೂರರಲ್ಲಿ ಒಂದು ಕಂಡರೂ ಹಿರಿಯರಿಗೆ ಆಗಲೇ ತಿಳಿಸಬೇಕು, ಬೆಳಗಿನವರೆಗೆ ಕಾಯಬಾರದು.

ನಿಮ್ಮ ಸಿಸ್ಟರ್‌ಗಳು ಇಲ್ಲಿ ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಎಲ್ಲ ಬಾಣಂತಿಯರೂ ಮೂರನೇ ದಿನ ಅಳ್ತಾರಲ್ಲ ಮೇಡಂ?" ಹೌದು, ಹೆಚ್ಚಿನವರು ಅಳುತ್ತಾರೆ. ಹಾಲು ಬರುವ ಹೊತ್ತಿಗೆ ಮನಸ್ಸು ಮೆದುವಾಗಿ ಸುಮ್ನೆ ಕಣ್ಣೀರು ಬರುತ್ತದೆ, ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಅಂಥವಳು ಮಗುವನ್ನು ಮಗು ಅಂತಲೇ ನೋಡುತ್ತಾಳೆ, ಸಮಾಧಾನ ಹೇಳಿದರೆ ಕೇಳುತ್ತಾಳೆ, ಮಲಗಲು ಬಿಟ್ಟರೆ ಮಲಗುತ್ತಾಳೆ. ಅವಳ ಜೊತೆ ಕೂತು ಒಂದು ಲೋಟ ಹಾಲು ಕೊಟ್ಟರೆ ಸಾಕು.

ಎರಡನೇ ಪ್ರಶ್ನೆ ಸೂಕ್ಷ್ಮ. ಕೆಲವು ತಾಯಂದಿರು ನಡುಗುತ್ತಾ ಹೇಳುತ್ತಾರೆ: "ಸಿಸ್ಟರ್, ಚಾಕು ನೋಡಿದರೆ ಮಗುವಿಗೆ ಏನಾದರೂ ಮಾಡಿಬಿಡ್ತೀನೇನೋ ಅನ್ನೋ ಯೋಚನೆ ಬರುತ್ತೆ." ಇದು ಹೆಚ್ಚಾಗಿ ಗೀಳಿನ ಯೋಚನೆ. ಅದು ಬಂದಿದ್ದಕ್ಕೆ ಅವಳಿಗೇ ಹೇಸಿಗೆ, ಭಯ. ಚಾಕುವನ್ನೇ ಮುಟ್ಟುವುದಿಲ್ಲ. ಬಾಣಂತಿ ಸನ್ನಿಯಲ್ಲಿ ಬಹಳ ಸಲ ಆ ಭಯ ಇರುವುದಿಲ್ಲ. "ಮಗುವಿನ ಮೇಲೆ ಕೆಟ್ಟದ್ದು ಬಂದಿದೆ, ಅದನ್ನು ಕಳಿಸಿಬಿಟ್ಟರೆ ಒಳ್ಳೆಯದಾಗುತ್ತೆ" ಎಂದು ತಣ್ಣಗೆ ನಂಬಿಕೊಂಡು ಹೇಳುತ್ತಾಳೆ. ಹೆದರಿ ಹೇಳಿದವಳಿಗಿಂತ ತಣ್ಣಗೆ ಹೇಳಿದವಳ ಹತ್ತಿರ ಅಪಾಯ ಜಾಸ್ತಿ. ಆದರೆ ಯಾವುದು ಯಾವುದು ಎಂದು ತೀರ್ಮಾನಿಸುವುದು ಸಿಸ್ಟರ್ ಕೆಲಸವಲ್ಲ. ಇಬ್ಬರನ್ನೂ ಮನೋವೈದ್ಯರಿಗೆ ತೋರಿಸಬೇಕು. ಹೆದರಿ ಹೇಳಿದವಳಿಂದ ಮಗುವನ್ನು ಕಿತ್ತುಕೊಂಡು ಗಲಾಟೆ ಮಾಡಬಾರದು ಎಂಬುದಕ್ಕಾಗಿ ಈ ವ್ಯತ್ಯಾಸ ಹೇಳಿಕೊಡಿ.

ಈಗ ಆ ಸನ್ನಿ ಪದಕ್ಕೆ ಹಿಂದಿರುಗೋಣ. ಆರನೇ ಸ್ಲೈಡಿಗೆ ಹೀಗೆ ತಲೆಬರಹ ಕೊಡಿ: "ಮೊದಲು ಥರ್ಮಾಮೀಟರ್, ಆಮೇಲೆ ಮನೋವೈದ್ಯರು."

ಇದನ್ನು ನಾನು ತಪ್ಪು ಮಾಡಿ ಕಲಿತೆ. ಕೆಲಸ ಶುರು ಮಾಡಿದ ವರ್ಷಗಳಲ್ಲಿ ಒಂದು ರಾತ್ರಿ ಹೆರಿಗೆ ವಾರ್ಡಿನಿಂದ ಫೋನ್ ಬಂತು. ಒಂಬತ್ತನೇ ದಿನದ ಬಾಣಂತಿ, ಕಿರುಚಾಡುತ್ತಿದ್ದಾಳೆ, ಯಾರನ್ನೂ ಗುರುತಿಸುತ್ತಿಲ್ಲ. ನಾನು ಫೋನಿನಲ್ಲೇ ಇಂಜೆಕ್ಷನ್ ಹೇಳಿ ಮಲಗಿದೆ. ತಲೆನೋವು ಇತ್ತೇ ಅಂತ ಕೇಳಲಿಲ್ಲ. ಮೂರು ದಿನದಿಂದ ತಲೆ ಒಡೆಯುವಷ್ಟು ನೋವಿತ್ತು. ಬೆಳಿಗ್ಗೆ ಫಿಟ್ಸ್ ಬಂತು. ಎಂಆರ್‌ಐ ಮಾಡಿಸಿದಾಗ ಮಿದುಳಿನ ರಕ್ತನಾಳದಲ್ಲಿ ಹೆಪ್ಪು. ಅವಳು ಬದುಕಿದಳು. ಆವತ್ತಿನಿಂದ ಆ ಪ್ರಶ್ನೆ ನನ್ನ ಬಾಯಲ್ಲಿ ಮೊದಲು ಬರುತ್ತದೆ.

ಮಿದುಳಿನ ಸಿರೆಯಲ್ಲಿ ಹೆಪ್ಪುಗಟ್ಟುವುದು ಬಾಣಂತಿಯರಲ್ಲಿ ಮರೆಯಬಾರದ ಕಾಯಿಲೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಎನ್ನುತ್ತಾರೆ. ಬೆಚ್ಚಗಿನ ಕೋಣೆ, ಒಣ ಊಟ, ಅಳೆದು ಕೊಡುವ ನೀರು. ರಕ್ತ ಹೀನತೆಯೂ ಇರುತ್ತದೆ. ಹೆರಿಗೆಯ ನಂತರ ರಕ್ತ ಹೇಗೂ ಬೇಗ ಹೆಪ್ಪುಗಟ್ಟುತ್ತದೆ, ಮೈಯಲ್ಲಿ ನೀರು ಬತ್ತಿದರೆ ಅಪಾಯ ಇನ್ನೂ ಹೆಚ್ಚು. ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆ ಕೈಕಾಲು ಸೋತಿರುವುದು, ಕಣ್ಣು ಮಂಜು: ಇವುಗಳಲ್ಲಿ ಒಂದಿದ್ದರೂ ಮನೋರೋಗ ಎನ್ನುವ ಮಾತೇ ಬೇಡ, ಸ್ಕ್ಯಾನ್ ಇರುವ ಕಡೆ ಕಳಿಸಬೇಕು. ಮಾಮೂಲಿ ಸಿಟಿ ಸ್ಕ್ಯಾನ್‌ನಲ್ಲಿ ಈ ಹೆಪ್ಪು ಕಾಣದೇ ಹೋಗಬಹುದು. ಸಿರೆಗಳನ್ನು ತೋರಿಸುವ ವೀನೋಗ್ರಾಂ ಬೇಕು ಎಂದು ಚೀಟಿಯಲ್ಲೇ ಬರೆಯಿರಿ.

ಉಳಿದ ಪರೀಕ್ಷೆ ನಿಮ್ಮ ಸಿಸ್ಟರ್‌ಗಳು ದಿನಾ ಮಾಡುವುದೇ. ಜ್ವರ, ನಾಡಿ, ಉಸಿರಿನ ಲೆಕ್ಕ, ಬಿಪಿ, ಆಕ್ಸಿಜನ್, ಬೆರಳು ಚುಚ್ಚಿ ಸಕ್ಕರೆ. ಹೊಲಿಗೆ ಕೆಂಪಾಗಿದೆಯಾ, ಮೈಲಿಗೆ ವಾಸನೆ ಬರುತ್ತಿದೆಯಾ, ಮೊಲೆ ಗಟ್ಟಿಯಾಗಿದೆಯಾ, ಕಾಲು ಊದಿದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ. ಬಿಪಿ ಏರಿದ್ದರೆ ಎಕ್ಲಾಂಪ್ಸಿಯಾ ನೆನಪಾಗಬೇಕು. ಅದು ಹೆರಿಗೆಯ ನಂತರವೂ ಬರುತ್ತದೆ. ಜ್ವರ ಇಲ್ಲ ಎಂದ ಮಾತ್ರಕ್ಕೆ ನಂಜಿಲ್ಲ ಎಂದಲ್ಲ, ಪ್ಯಾರಾಸಿಟಮಾಲ್ ನುಂಗಿರಬಹುದು. ನಾಡಿ ಮತ್ತು ಉಸಿರು ಏರಿದ್ದರೆ ನಂಜು ಎಂದೇ ಹುಡುಕಿ. ಡಾಕ್ಟರ್ ಬಂದ ಮೇಲೆ ರಕ್ತದ ಎಣಿಕೆ, ಸೋಡಿಯಂ, ಕಿಡ್ನಿ, ಲಿವರ್, ಥೈರಾಯ್ಡ್, ಮೂತ್ರ ಪರೀಕ್ಷೆ. ಔಷಧಿಯ ಚೀಟಿಯನ್ನೂ ನೋಡಿ. ಮಗು ತೀರಿಕೊಂಡವರಿಗೆ ಹಾಲು ನಿಲ್ಲಿಸಲು ಕೊಡುವ ಕ್ಯಾಬರ್ಗೋಲಿನ್, ಬ್ರೋಮೋಕ್ರಿಪ್ಟಿನ್ ಮಾತ್ರೆಗಳೇ ಕೆಲವರ ಮನಸ್ಸು ಕೆಡಿಸುತ್ತವೆ.

ಗೊಂದಲ ಎಷ್ಟಿದೆ ನೋಡಲು ಸುಲಭದ ದಾರಿ ಇದೆ. ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ: ಶನಿವಾರ, ಶುಕ್ರವಾರ, ಗುರುವಾರ. ಮಂಪರಿನಲ್ಲಿ ಇರುವವಳು ನಡುವೆ ಕಳೆದುಹೋಗುತ್ತಾಳೆ. ಆದರೆ ಇದೊಂದನ್ನೇ ನಂಬಬೇಡಿ. ಬಾಣಂತಿ ಸನ್ನಿಯಲ್ಲೂ ತಬ್ಬಿಬ್ಬು ಇರುತ್ತದೆ, ಕನಸಿನಲ್ಲಿ ನಡೆದ ಹಾಗೆ. ಅದಕ್ಕೇ ದೇಹದ ಪರೀಕ್ಷೆ ಎಲ್ಲರಿಗೂ ಆಗಬೇಕು, ಅನುಮಾನ ಬಂದವರಿಗೆ ಮಾತ್ರ ಅಲ್ಲ.

ನಮ್ಮ ಕಥೆಯ ಹುಡುಗಿಗೆ ಜ್ವರ ಇರಲಿಲ್ಲ. ಬಿಪಿ 124/80, ಸಕ್ಕರೆ 94, ನಾಡಿ 108. ತಲೆನೋವಿಲ್ಲ, ಗಾಯ ಒಣಗಿತ್ತು. ನಾಡಿ ಸ್ವಲ್ಪ ಜಾಸ್ತಿ ಇದ್ದದ್ದರಿಂದ ರಕ್ತ ಕಳಿಸಿದರು. ಹಿಮೋಗ್ಲೋಬಿನ್ 8.6, ಬೇರೇನೂ ಇಲ್ಲ. ಆಗ ಡ್ಯೂಟಿ ಡಾಕ್ಟರ್ ಅವಳ ಅಮ್ಮನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಣಂತನದಲ್ಲಿ ಹೀಗಾಗಿತ್ತಾ?" ಎಂದು ಕೇಳಿದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ತಂಗಿಗೆ ಗಾಳಿ ಸೋಕಿತ್ತು. ಮೂರು ತಿಂಗಳಿಗೆ ಸರಿ ಹೋದಳು" ಅಂದರು. ಮಾನಸಿಕ ಕಾಯಿಲೆ ಇದೆಯಾ ಎಂದು ಬಸುರಿಯಾಗಿದ್ದಾಗ ಕೇಳಿದ್ದಕ್ಕೆ ಇದೇ ಅಮ್ಮ ಇಲ್ಲ ಎಂದಿದ್ದರು. ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಕಾಯಿಲೆಯೇ ಅಲ್ಲ, ಗಾಳಿ. ಪ್ರಶ್ನೆಯನ್ನು ಅವರ ಮಾತಿನಲ್ಲಿ ಕೇಳಬೇಕು.

ಮುಂದಿನ ಮೂರು ಸ್ಲೈಡು ಮೊದಲ ಒಂದು ಗಂಟೆಗೆ ಮೀಸಲಿಡಿ. ಗೇಟಿನ ಘಟನೆ ಆದಾಗ ನಿಮ್ಮವರಿಗೆ ತೋಚದೇ ಹೋದದ್ದು ಇದೇ ಅಲ್ವಾ?

ಒಬ್ಬರು ಅವಳ ಪಕ್ಕದಲ್ಲೇ ಕೂರಬೇಕು. ಕಣ್ಣಳತೆಯಲ್ಲಿ ಅಲ್ಲ, ಕೈಯಳತೆಯಲ್ಲಿ. ಬಚ್ಚಲಿಗೆ ಹೋದರೂ ಬಾಗಿಲ ಚಿಲಕ ಹಾಕಲು ಬಿಡಬಾರದು. ಕಿಟಕಿ, ಮೆಟ್ಟಿಲು, ಬಾಲ್ಕನಿಯಿಂದ ದೂರದ ಬೆಡ್ಡು, ನರ್ಸಿಂಗ್ ಸ್ಟೇಷನ್ನಿಗೆ ಹತ್ತಿರ. ಕತ್ತರಿ, ಬ್ಲೇಡು, ಡ್ರಿಪ್ಪಿನ ಉಳಿದ ಟ್ಯೂಬು, ಮಾತ್ರೆ, ಫಿನಾಯಿಲ್ ಬಾಟಲಿ ಎಲ್ಲ ಎತ್ತಿಡಿ. ಲೈಟು ಕಡಿಮೆ, ಮಾತು ಕಡಿಮೆ, ಹತ್ತು ಜನ ನೆಂಟರು ಹೊರಗೆ. ಅವಳು ನಂಬುವ ಒಬ್ಬರು ಮಾತ್ರ ಒಳಗೆ.

ಮಗು ಅವಳ ಬಳಿ ಒಂಟಿಯಾಗಿ ಒಂದು ನಿಮಿಷವೂ ಇರಬಾರದು. ಹಾಗಂತ ಕಿತ್ತುಕೊಳ್ಳಬೇಡಿ. ಮೆಟ್ಟಿಲ ಬಳಿ ಆ ರಾತ್ರಿ ಸಿಸ್ಟರ್ ಮಾಡಿದ್ದು ಹೀಗೆ: ಜೋರಾಗಿ ಕೂಗಲಿಲ್ಲ. ನಿಧಾನಕ್ಕೆ ಹತ್ತಿರ ಹೋಗಿ ಮೆಟ್ಟಿಲಿಗೂ ಅವಳಿಗೂ ನಡುವೆ ನಿಂತರು. "ಪಾಪುಗೆ ಚಳಿ ಆಗ್ತಿದೆ, ನಾನು ಬೆಚ್ಚಗೆ ಹಿಡ್ಕೊಳ್ತೀನಿ, ನೀವೂ ಜೊತೇಲೇ ಬನ್ನಿ" ಎಂದು ಎರಡು ಕೈ ಚಾಚಿದರು. ಕೊಟ್ಟಳು. "ಕರೀತಿದ್ದಾರೆ" ಎಂಬ ಮಾತಿಗೆ "ಯಾರೂ ಇಲ್ಲ, ಸುಮ್ನೆ ಬನ್ನಿ" ಅಂತಲೂ ಹೇಳಲಿಲ್ಲ, "ಹೌದು ಕರೀತಿದ್ದಾರೆ" ಅಂತಲೂ ಹೇಳಲಿಲ್ಲ. "ನನಗೆ ಕೇಳಿಸ್ತಿಲ್ಲ. ನಿಮಗೆ ಹೆದರಿಕೆ ಆಗ್ತಿದೆ ಅನ್ಸುತ್ತೆ. ನಾನು ಜೊತೇಲಿ ಇರ್ತೀನಿ" ಅಂದರು. ಇದನ್ನು ಸ್ಲೈಡಿನಲ್ಲಿ ಓದಿಸಿದರೆ ಪ್ರಯೋಜನವಿಲ್ಲ. ಒಬ್ಬ ಸಿಸ್ಟರನ್ನು ಬಾಣಂತಿ ಮಾಡಿ, ಬಟ್ಟೆ ಸುತ್ತಿದ ದಿಂಬನ್ನು ಕೈಗೆ ಕೊಟ್ಟು ಆಡಿಸಿ. ನಲವತ್ತರಲ್ಲಿ ಹತ್ತು ನಿಮಿಷ ಇದಕ್ಕೇ ಹೋಗಲಿ.

ಆಮೇಲೆ ನೇರ ಪ್ರಶ್ನೆ. "ಸಾಯಬೇಕು ಅನ್ನಿಸುತ್ತಾ?" "ಮಗುವಿಗೆ ಏನಾದರೂ ಮಾಡು ಅಂತ ಯಾರಾದರೂ ಹೇಳ್ತಿದ್ದಾರಾ?" "ಮಗುವಿನಲ್ಲಿ ಏನಾದರೂ ಬೇರೆ ಥರ ಕಾಣುತ್ತಾ?" ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಹಾಗೆ ಆಗುವುದಿಲ್ಲ. ಉತ್ತರವನ್ನು ಅವಳ ಮಾತಿನಲ್ಲೇ, ಟೈಮ್ ಹಾಕಿ ಬರೆಯಿರಿ. "ವಿಚಿತ್ರ ವರ್ತನೆ" ಎಂದು ಬರೆದರೆ ನನಗೆ ಏನೂ ತಿಳಿಯುವುದಿಲ್ಲ. "1.10ಕ್ಕೆ: ಮೇಲಿಂದ ಕರೀತಿದ್ದಾರೆ ಎಂದರು" ಎಂದರೆ ಎಲ್ಲ ತಿಳಿಯುತ್ತದೆ.

ಮನೋವೈದ್ಯರು ಎಷ್ಟು ಹೊತ್ತಿಗೆ ನೋಡಬೇಕು? ಇಂಗ್ಲೆಂಡಿನ ಮಾರ್ಗಸೂಚಿಯಲ್ಲಿ ತಿಳಿಸಿದ ನಾಲ್ಕು ಗಂಟೆಯೊಳಗೆ ಎಂದಿದೆ. ನಮ್ಮ ಹೆಚ್ಚಿನ ತಾಲ್ಲೂಕುಗಳಲ್ಲಿ ಮನೋವೈದ್ಯರೇ ಇರುವುದಿಲ್ಲ. ಆದರೂ ಗುರಿ ಅದೇ ಇರಲಿ. ನಾಲ್ಕು ಗಂಟೆಯೊಳಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ಜೊತೆ ನಿಮ್ಮ ಡಾಕ್ಟರ್ ಮಾತಾಡಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಲಹೆಗೆ ಒಳ್ಳೆಯದು. ಆದರೆ ಅಲ್ಲಿಗೆ ಫೋನ್ ಮಾಡಿದೆವು ಎಂದು ರೆಫರ್ ಮಾಡುವುದನ್ನು ಬಿಡಬಾರದು.

ಔಷಧಿಗೆ ಒಂದೇ ಸ್ಲೈಡು, ಅದೂ ಡಾಕ್ಟರ್ ಬರೆದುಕೊಟ್ಟ ಮೇಲೆ ಕೊಡುವವರಿಗೆ. ಬಾಯಿಂದ ತೆಗೆದುಕೊಳ್ಳುವಂತಿದ್ದರೆ ಲೊರಾಜೆಪಾಂ 1ರಿಂದ 2 ಮಿಲಿಗ್ರಾಂ, ಜೊತೆಗೆ ಓಲಾಂಜಪಿನ್ 5ರಿಂದ 10 ಮಿಲಿಗ್ರಾಂ. ಮೊದಲ ಗುರಿ ನಿದ್ದೆ. ನಮ್ಮ ಹುಡುಗಿಗೆ ಕಾಫಿಯಲ್ಲೇ ಅನುಮಾನ, ಮಾತ್ರೆ ನುಂಗುತ್ತಾಳಾ? ಸಿಸ್ಟರ್ ಅವಳ ಕಣ್ಣೆದುರೇ ಸ್ಟ್ರಿಪ್ ಹರಿದು, ಸೀಲು ಒಡೆಯದ ನೀರಿನ ಬಾಟಲಿ ಅವಳ ಕೈಗೇ ಕೊಟ್ಟರು. ನುಂಗಿದಳು. ಊಟದಲ್ಲಿ ಕದ್ದು ಬೆರೆಸಿ ಕೊಡಿ ಎಂದು ಮನೆಯವರು ಹೇಳಿದ್ದರು. ಹಾಗೆ ಮಾಡಿ ಸಿಕ್ಕಿಬಿದ್ದರೆ ಅವಳ ಅನುಮಾನ ನಿಜವಾದಂತೆ.

ಬಾಯಿಂದ ಆಗದೆ ಅಪಾಯ ಹೆಚ್ಚಿದ್ದರೆ ಹ್ಯಾಲೋಪೆರಿಡಾಲ್ 5 ಮಿಲಿಗ್ರಾಂ, ಪ್ರೊಮೆಥಜಿನ್ 25ರಿಂದ 50 ಮಿಲಿಗ್ರಾಂ ಸ್ನಾಯುವಿಗೆ. ಎರಡನ್ನೂ ಸೇರಿಸಿ ಕೊಡುವುದನ್ನು ನಮ್ಮ ವೆಲ್ಲೂರಿನಲ್ಲೇ ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ಹೃದಯದ ತೊಂದರೆ ಇದ್ದವರಿಗೆ ಇಸಿಜಿ ಮೊದಲು. ಕೊಟ್ಟ ಮೇಲೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ಉಸಿರು, ನಾಡಿ, ಬಿಪಿ, ಆಕ್ಸಿಜನ್, ಎಚ್ಚರ ನೋಡಬೇಕು. ಕುತ್ತಿಗೆ ತಿರುಚಿಕೊಂಡರೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ ಅದು ಹ್ಯಾಲೋಪೆರಿಡಾಲ್‌ನಿಂದ. ದೆವ್ವ ಬಂತು ಎಂದು ಮನೆಯವರು ಹೆದರುತ್ತಾರೆ. ಪ್ರೊಮೆಥಜಿನ್ ಕೊಟ್ಟರೆ ಬೇಗ ಇಳಿಯುತ್ತದೆ. ಓಲಾಂಜಪಿನ್ ಇಂಜೆಕ್ಷನ್ ಮತ್ತು ಲೊರಾಜೆಪಾಂ ಇಂಜೆಕ್ಷನ್ ಒಟ್ಟಿಗೆ ಕೊಡಬಾರದು, ಉಸಿರು ಮತ್ತು ಬಿಪಿ ಕುಸಿಯಬಹುದು. ಅಳುತ್ತಾಳೆ ಎಂದು ಖಿನ್ನತೆಯ ಮಾತ್ರೆ ಮಾತ್ರ ಶುರು ಮಾಡಿದರೆ ಕೆಲವರಲ್ಲಿ ಕಾಯಿಲೆ ಇನ್ನೂ ಕೆರಳುತ್ತದೆ. ಹೆರುವ ವಯಸ್ಸಿನವರಿಗೆ ವಾಲ್‌ಪ್ರೊಯೇಟ್ ಬೇಡ, ಮುಂದಿನ ಮಗುವಿಗೆ ಹಾನಿ. ಮುಂದೆ ಲಿಥಿಯಂ ಬೇಕಾ, ವಿದ್ಯುತ್ ಚಿಕಿತ್ಸೆಯಾದ ಇಸಿಟಿ ಬೇಕಾ ಎಂಬುದು ಮನೋವೈದ್ಯರಿಗೆ ಬಿಟ್ಟಿದ್ದು. ಎರಡೂ ಈ ಕಾಯಿಲೆಗೆ ಚೆನ್ನಾಗಿ ನಾಟುತ್ತವೆ ಎಂದು ಮನೆಯವರಿಗೆ ಹೇಳಲು ಸಿಸ್ಟರ್‌ಗೆ ಗೊತ್ತಿದ್ದರೆ ಸಾಕು.

ಹಾಲು ಕುಡಿಸಬಹುದಾ? ಓಲಾಂಜಪಿನ್ ಹಾಲಿಗೆ ಹೋಗುವುದು ಕಡಿಮೆ. ಸಾಮಾನ್ಯವಾಗಿ ಕುಡಿಸಬಹುದು, ಮಗು ತೂಕಡಿಸುತ್ತಿದೆಯಾ, ಹಾಲು ಚೀಪುತ್ತಿದೆಯಾ ನೋಡಬೇಕು. ಲಿಥಿಯಂ ಇದ್ದರೆ ಸಾಮಾನ್ಯವಾಗಿ ಬೇಡ ಎನ್ನುತ್ತೇವೆ. ಕುಡಿಸುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ನಿದ್ದೆ ಮಾತ್ರೆ ತೆಗೆದುಕೊಂಡ ತಾಯಿಯ ಹಾಸಿಗೆಯಲ್ಲಿ ಮಗುವನ್ನು ಮಲಗಿಸಬಾರದು. ರಾತ್ರಿಯ ಹಾಲಿಗೆ ಬೇರೆ ವ್ಯವಸ್ಥೆ ಮಾಡಿ ಅವಳನ್ನು ಮಲಗಲು ಬಿಡುವುದೂ ಔಷಧಿಯೇ. ಮಲಗಿದವಳಿಗೆ ನೀರು ಕುಡಿಸುವುದು, ಎಬ್ಬಿಸಿ ಓಡಾಡಿಸುವುದು ಮರೆಯಬೇಡಿ, ಕಾಲಿನಲ್ಲಿ ಹೆಪ್ಪುಗಟ್ಟಬಾರದು.

ಕೈಕಾಲು ಕಟ್ಟುವ ವಿಷಯ. ಸೀರೆಯಿಂದ ಮಂಚಕ್ಕೆ ಕಟ್ಟಿದ್ದನ್ನು ನಾನು ನೋಡಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆ ಪಡೆದು, ಬೇಕಾದಷ್ಟೇ ಹೊತ್ತು ಕಟ್ಟಬಹುದು. ಸರಪಳಿ ಯಾವ ಕಾರಣಕ್ಕೂ ಇಲ್ಲ. "ಅವಳು ಒಪ್ಪದೆ ಚಿಕಿತ್ಸೆ ಕೊಟ್ಟರೆ ಕೇಸಾಗುತ್ತಾ?" ಎಂದು ಡ್ಯೂಟಿ ಡಾಕ್ಟರುಗಳು ಹಿಂಜರಿಯುತ್ತಾರೆ. ಅದೇ ಕಾಯ್ದೆಯ 94ನೇ ಸೆಕ್ಷನ್ ಓದಿಸಿ. ಅವಳಿಗೋ ಇನ್ನೊಬ್ಬರಿಗೋ ಗಂಭೀರ ಹಾನಿಯಾಗುವಂತಿದ್ದರೆ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಕೊಡಬಹುದು. ಅವಳ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಪಡೆಯಬೇಕು. ಮಿತಿ 72 ಗಂಟೆ. ಆ ಸೆಕ್ಷನ್ನಿನಲ್ಲಿ ಇಸಿಟಿ ಕೊಡುವಂತಿಲ್ಲ.

ಕಳಿಸುವಾಗ ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ ಆಗಬಾರದು. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಮಗುವಿಗೆ ಅಪಾಯವಿದ್ದರೆ ತಾತ್ಕಾಲಿಕವಾಗಿ ದೂರ ಇಡಬಹುದು, 15 ದಿನಕ್ಕೊಮ್ಮೆ ಮರುಪರಿಶೀಲನೆ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡೇ ಇದೆ. ಆದರೆ ಬೀದರಿನಿಂದಲೋ ಕಾರವಾರದಿಂದಲೋ ರಾತ್ರೋರಾತ್ರಿ ನೇರ ಅಲ್ಲಿಗೇ ಓಡಿಸಬೇಕಿಲ್ಲ. ಮೊದಲು ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ನಿದ್ದೆ ಬರಿಸಿ, ದೇಹದ ಪರೀಕ್ಷೆ ಮುಗಿಸಿ, ಫೋನಿನಲ್ಲಿ ಮಾತಾಡಿ ಕಳಿಸಿ. ಆಂಬುಲೆನ್ಸಿನಲ್ಲಿ ಒಬ್ಬ ಸಿಸ್ಟರ್, ಅವಳಿಗೆ ಬೇಕಾದ ಒಬ್ಬರು, ಮಗುವನ್ನು ಹಿಡಿದುಕೊಳ್ಳಲು ಇನ್ನೊಬ್ಬರು. ಬಾಗಿಲ ಕಡೆ ಅವಳು ಕೂರಬಾರದು.

ತಾಯತ ಕಟ್ಟುತ್ತೇವೆ ಎಂದು ಮನೆಯವರು ಅಂದರೆ ಜಗಳ ಮಾಡಬೇಡಿ. ಕಟ್ಟಲಿ. ಹೊಗೆ ಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು ಬೇಡ, ಮಾತ್ರೆ ತಪ್ಪಬಾರದು ಎಂದಷ್ಟೇ ಹೇಳಿ. ನಮ್ಮ ಹುಡುಗಿಯ ಕೈಯಲ್ಲೂ ಒಂದು ಕರಿದಾರ ಇತ್ತು. ಆ ರಾತ್ರಿ ಐದು ಗಂಟೆ ಕಾಲ ಮಲಗಿದಳು. ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಗೆ ಹೋದಳು. ಮೂರು ವಾರಕ್ಕೆ ಮಗುವನ್ನು ತಾನೇ ಕೇಳಿ ಎತ್ತಿಕೊಂಡಳು. ಎರಡು ತಿಂಗಳಿಗೆ ಮಂಕು ಕವಿಯಿತು. ಸನ್ನಿ ಇಳಿದ ಮೇಲೆ ಹೀಗೆ ಖಿನ್ನತೆ ಬರುವುದುಂಟು, ಅದಕ್ಕೂ ಚಿಕಿತ್ಸೆ ಆಯಿತು.

ಹನ್ನೊಂದನೇ ಸ್ಲೈಡು ವಾರ್ಡಿನಿಂದ ಹೊರಗೆ ಹೋಗುತ್ತದೆ. ನಮ್ಮ ಹುಡುಗಿಗೆ ಸಿಸೇರಿಯನ್ ಆಗಿದ್ದರಿಂದ ನಾಲ್ಕನೇ ದಿನ ಇನ್ನೂ ಆಸ್ಪತ್ರೆಯಲ್ಲಿದ್ದಳು. ಸಹಜ ಹೆರಿಗೆಯಾದವರು 48 ಗಂಟೆಗೆ ಮನೆಗೆ ಹೋಗುತ್ತಾರೆ. ಕಾಯಿಲೆ ಶುರುವಾಗುವ ಹೊತ್ತಿಗೆ ಅವಳ ಸುತ್ತ ಸಿಸ್ಟರ್ ಇಲ್ಲ. ಆದರೆ ಆಶಾ ಕಾರ್ಯಕರ್ತೆ 3, 7, 14ನೇ ದಿನ ಮಗುವನ್ನು ನೋಡಲು ಮನೆಗೆ ಹೋಗುತ್ತಾರೆ. ಸನ್ನಿ ಕಾಣಿಸಿಕೊಳ್ಳುವ ದಿನಗಳೂ ಹೆಚ್ಚುಕಮ್ಮಿ ಇವೇ. ಮಗುವಿನ ತೂಕ ನೋಡಿದ ಮೇಲೆ ತಾಯಿಗೆ ಆ ಒಂದು ಪ್ರಶ್ನೆ ಕೇಳಲು ಹೇಳಿಕೊಡಿ: ಮಗು ಮಲಗಿದಾಗ ನಿದ್ದೆ ಬರುತ್ತಾ? ಡಿಸ್ಚಾರ್ಜ್ ಮಾಡುವಾಗ ತಾಯಿಯ ಅಮ್ಮನಿಗೂ ಇದನ್ನೇ ಹೇಳಿ, ಎರಡು ರಾತ್ರಿ ನಿದ್ದೆ ಬರದಿದ್ದರೆ ವಾಪಸ್ ಬನ್ನಿ ಎಂದು.

ಬಸುರಿಯಾಗಿದ್ದಾಗಲೇ ಹುಡುಕಬೇಕಾದವರೂ ಇದ್ದಾರೆ. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಹಿಂದಿನ ಹೆರಿಗೆಯಲ್ಲಿ ಸನ್ನಿ ಆಗಿದ್ದವರಲ್ಲಿ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರಿಗೆ ಇದು ಬರುತ್ತದೆ. ಅಂಥವರ ತಾಯಿ ಕಾರ್ಡಿನ ಮೇಲೆ ಗುರುತು ಹಾಕಿ. ಹೆರಿಗೆಗೆ ಮುಂಚೆಯೇ ಮನೋವೈದ್ಯರಿಂದ ಬರಹದಲ್ಲಿ ಒಂದು ಪ್ಲ್ಯಾನ್ ತರಿಸಿ: ಯಾವ ಮಾತ್ರೆ, ಯಾವತ್ತಿನಿಂದ, ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ. ಬಸುರಿ ಆದ ಕೂಡಲೇ ಮಾತ್ರೆ ತಾವಾಗಿಯೇ ನಿಲ್ಲಿಸುವವರು ತುಂಬ ಜನ, ಅದನ್ನೂ ಕೇಳಿ. ಹಾಗಂತ ಈ ಗುರುತು ಇಲ್ಲದವರು ಸುರಕ್ಷಿತ ಅಂದುಕೊಳ್ಳಬೇಡಿ. ಸನ್ನಿ ಬಂದವರಲ್ಲಿ ಸುಮಾರು ಅರ್ಧ ಜನಕ್ಕೆ ಹಿಂದೆ ಯಾವ ಮಾನಸಿಕ ತೊಂದರೆಯೂ ಇರುವುದಿಲ್ಲ.

ಕೊನೆಯ ಸ್ಲೈಡಿನಲ್ಲಿ ಮೂರೇ ನಂಬರು ಇರಲಿ: ನಿಮ್ಮ ಡ್ಯೂಟಿ ಡಾಕ್ಟರ್, ಜಿಲ್ಲೆಯ ಮನೋವೈದ್ಯರು, 108. ಧನ್ಯವಾದದ ಸ್ಲೈಡು, ಹೂವಿನ ಚಿತ್ರ ಬೇಡ. ಅದನ್ನೇ ಪ್ರಿಂಟ್ ತೆಗೆದು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ. ಕ್ಲಾಸ್ ಮುಗಿಸುವ ಮೊದಲು ಎರಡನೇ ನಂಬರಿಗೆ ಎಲ್ಲರ ಎದುರೇ ಸ್ಪೀಕರ್ ಹಾಕಿ ಫೋನ್ ಮಾಡಿ. ರಿಂಗ್ ಆಗಿ ಆಗಿ ನಿಂತರೆ, ಯಾರ ನಂಬರ್ ಹಾಕಬೇಕು ಎಂದು ಆವತ್ತೇ ಕೂತು ಗೊತ್ತು ಮಾಡಿಕೊಳ್ಳಿ.